ತಿಂಗಳಿಗೊಮ್ಮೆ ಡೆಬಿಟ್ ಕಾಲಂ ನೋಡೋಣ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತನಾದವನು ಅಂತ ನಿಮಗೆ ಗೊತ್ತಿದೆ. ಹಾಗಾಗಿ ಬಡ್ಡಿ ಎಲ್ಲಿ ಜಾಸ್ತಿ ಸಿಗುತ್ತದೆ ಎಂದು ಕೇಳಲು ಕೆಲವರು ಕಾಯುತ್ತಿರಬಹುದು. ಅದು ಇವತ್ತಲ್ಲ. ಇವತ್ತು ಇರುವ ದುಡ್ಡು ಸದ್ದಿಲ್ಲದೆ ಹೋಗುವುದರ ಬಗ್ಗೆ ಮಾತಾಡೋಣ.

ಸ್ಟೇಟ್‌ಮೆಂಟ್ ಕೈಗೆ ಬಂದ ತಕ್ಷಣ ನಮ್ಮ ಕಣ್ಣು ಕೊನೆಯ ಸಾಲಿಗೆ ಹೋಗುತ್ತದೆ, ಅಲ್ವಾ? ಎಷ್ಟು ಉಳಿದಿದೆ ಅಂತ ನೋಡುತ್ತೇವೆ. ಪರವಾಗಿಲ್ಲ ಅನ್ನಿಸಿದರೆ ಮಡಚಿ ಇಟ್ಟುಬಿಡುತ್ತೇವೆ. ಆದರೆ ಪಿಂಚಣಿಯೋ ಬಡ್ಡಿಯೋ ಜಮಾ ಆದ ಮೇಲೆ ಬ್ಯಾಲೆನ್ಸ್ ಹೇಗೂ ಚೆನ್ನಾಗಿಯೇ ಕಾಣುತ್ತದೆ. ನಡುವೆ ಒಂದು ಸಣ್ಣ ಮೊತ್ತ ಹೋಗಿದ್ದರೆ ಅಲ್ಲಿ ತಿಳಿಯುವುದೇ ಇಲ್ಲ. ನೋಡಬೇಕಾದದ್ದು ಡೆಬಿಟ್ ಕಾಲಂ. ಕೆಲವು ಬ್ಯಾಂಕುಗಳು ಎರಡು ಕಾಲಂ ಬದಲು ಮೊತ್ತದ ಪಕ್ಕದಲ್ಲಿ Dr ಎಂದು ಹಾಕಿರುತ್ತವೆ. ಅದೂ ಖರ್ಚೇ.

ದೊಡ್ಡ ಮೊತ್ತ ಹೋದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ, ಅದನ್ನು ನಾನು ಹೇಳಿಕೊಡಬೇಕಿಲ್ಲ. ನನಗೆ ಭಯ ಇರುವುದು ಸಣ್ಣ ಮೊತ್ತದ ಬಗ್ಗೆ. ಕಾರ್ಡಿನ ವಿವರ ಕದ್ದವರು ಎಷ್ಟೋ ಸಲ ಮೊದಲು ಚಿಲ್ಲರೆಯಷ್ಟು ಎಳೆದು ನೋಡುತ್ತಾರೆ. ಕಾರ್ಡು ನಡೆಯುತ್ತದೆ, ಯಾರೂ ಕೇಳಲಿಲ್ಲ ಅಂತಾದರೆ ಆಮೇಲೆ ದೊಡ್ಡದಕ್ಕೆ ಕೈ ಹಾಕುತ್ತಾರೆ. ಅದಕ್ಕೇ ‘ಇಷ್ಟೇ ತಾನೇ’ ಎಂದು ಬಿಡಬೇಡಿ.

ಇನ್ನೊಂದು, ಪ್ರತಿ ತಿಂಗಳೂ ಅದೇ ತಾರೀಖಿನ ಆಸುಪಾಸು ಅದೇ ಮೊತ್ತ ಹೋಗುವುದು. ಇದರಲ್ಲಿ ಕಳ್ಳ ಇರಬೇಕೆಂದಿಲ್ಲ. ‘ಒಂದು ತಿಂಗಳು ಉಚಿತ’ ಎಂದಾಗ ನಾವೇ ಕಾರ್ಡ್ ನಂಬರ್ ಕೊಟ್ಟಿರುತ್ತೇವೆ, ಇಲ್ಲವೇ ಮೊಮ್ಮಕ್ಕಳು ನಮ್ಮ ಫೋನಿನಲ್ಲಿ ಒತ್ತಿರುತ್ತಾರೆ. ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆ ಕಂಪನಿಯಲ್ಲಿ ರದ್ದು ಮಾಡಬೇಕು. ಆಟೋ ಡೆಬಿಟ್‌ಗೆ ಒಪ್ಪಿಗೆ ಕೊಟ್ಟಿದ್ದರೆ ಬ್ಯಾಂಕಿಗೂ ಹೇಳಿ ನಿಲ್ಲಿಸಬೇಕು. ಇದನ್ನು ಹಿಡಿಯಲು ಹೋದ ತಿಂಗಳ ಹಾಳೆ ಪಕ್ಕದಲ್ಲಿರಬೇಕು. ಎರಡನ್ನೂ ಜೋಡಿಸಿ ನೋಡಿದರೆ ಮರುಕಳಿಸುವ ಸಾಲು ತಾನಾಗಿ ಕಾಣುತ್ತದೆ.

ಈಗ ಹೆಸರಿನ ತಲೆನೋವು. ನೀವು ಔಷಧಿ ತಗೊಂಡ ಅಂಗಡಿಯ ಬೋರ್ಡಿನಲ್ಲಿ ಒಂದು ಹೆಸರು, ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು. ಅದು ಮಾಲೀಕರ ಹೆಸರೋ, ಹಣ ಸಂಗ್ರಹಿಸಿ ಕೊಡುವ ಕಂಪನಿಯದೋ ಆಗಿರಬಹುದು. ಅದೂ ಅರ್ಧಕ್ಕೇ ತುಂಡಾಗಿರುತ್ತದೆ. ತಾರೀಖೂ ಒಂದೆರಡು ದಿನ ಆಚೀಚೆ ಆಗುವುದುಂಟು, ಮಧ್ಯೆ ರಜೆ ಬಂದರಂತೂ ಖಂಡಿತ. ನನ್ನ ಅಭ್ಯಾಸ ಹೇಳಲಾ? ಮೊದಲು ಮೊತ್ತ, ಆಮೇಲೆ ತಾರೀಖು, ಹೆಸರು ಕೊನೆಗೆ. ಮೊತ್ತ ನಿಮ್ಮ ಬಿಲ್ಲಿಗೆ ಪೈಸೆ ಸಮೇತ ಹೊಂದಿದರೆ ಹೆಸರು ವಿಚಿತ್ರವಾಗಿದ್ದರೂ ಅದು ನಿಮ್ಮದೇ ಇರಬೇಕು. ಹೊಂದಿದ ಸಾಲಿಗೆ ಪೆನ್ಸಿಲಿನಲ್ಲಿ ಟಿಕ್ ಹಾಕಿ. ಟಿಕ್ ಬೀಳದೆ ಉಳಿದವನ್ನಷ್ಟೇ ವಿಚಾರಿಸಿದರೆ ಸಾಕು. ಜಂಟಿ ಖಾತೆಯಾದರೆ ಬ್ಯಾಂಕಿಗೆ ಫೋನ್ ಮಾಡುವ ಮೊದಲು ಮನೆಯಲ್ಲೇ ಒಂದು ಮಾತು ಕೇಳಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕೆಲವೊಮ್ಮೆ ಹೊಸದು ಶುರುವಾಗುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ.

ಬ್ಯಾಂಕಿನದೇ ಕಡಿತಗಳೂ ಇರುತ್ತವೆ: ಕಾರ್ಡಿನ ವರ್ಷದ ಶುಲ್ಕ, ಮೆಸೇಜಿನ ಶುಲ್ಕ, ಬ್ಯಾಲೆನ್ಸ್ ಕಡಿಮೆಯಾದದ್ದಕ್ಕೆ ದಂಡ. ಯಾಕೆ ಎಂದು ಕೇಳಲು ಸಂಕೋಚ ಬೇಡ. ಎಟಿಎಂನಲ್ಲಿ ದುಡ್ಡು ಬಾರದೆ ಡೆಬಿಟ್ ಆಗಿದ್ದರೆ ಅದೇ ಮೊತ್ತ Cr ಎಂದು ವಾಪಸ್ ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ದೂರು ಕೊಡಿ.

ಗೊತ್ತಿಲ್ಲದ ಡೆಬಿಟ್ ಸಿಕ್ಕರೆ ಅವತ್ತೇ ಬ್ಯಾಂಕಿಗೆ ತಿಳಿಸಿ. ಮಗ ಊರಿಂದ ಬರಲಿ ಎಂದು ಕಾಯಬೇಡಿ. ತಡವಾದಷ್ಟೂ ನಷ್ಟ ನಮ್ಮ ಮೇಲೇ ಬೀಳುವ ಸಾಧ್ಯತೆ ಜಾಸ್ತಿ. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೇ ಫೋನ್ ಮಾಡಿ, ಇಂಟರ್ನೆಟ್ಟಿನಲ್ಲಿ ಹುಡುಕಿದ ನಂಬರಿಗೆ ಬೇಡ. ಅಲ್ಲಿ ಮೋಸಗಾರರೂ ತಮ್ಮ ನಂಬರ್ ಹಾಕಿರುತ್ತಾರೆ. ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ‘ದುಡ್ಡು ವಾಪಸ್ ಹಾಕುತ್ತೇವೆ, ಓಟಿಪಿ ಹೇಳಿ’ ಎಂದು ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಹಾಕುವುದಕ್ಕೆ ನಿಮ್ಮ ಓಟಿಪಿಯೂ ಬೇಡ, ಪಿನ್ನೂ ಬೇಡ.

ಮಾತು ಸಾಕು. ಒಂದು ಸುಳ್ಳು ಸ್ಟೇಟ್‌ಮೆಂಟ್ ಬರೆದು ತಂದಿದ್ದೇನೆ, ಜೊತೆಗೆ ಅದರ ಬಿಲ್ಲುಗಳು. ದೊಡ್ಡ ಅಕ್ಷರದಲ್ಲೇ ಇದೆ. ಬಿಲ್ಲಿಗೆ ಹೊಂದದ ಸಾಲು ಮೂರಿವೆ. ಇಬ್ಬಿಬ್ಬರು ಕೂತು ಹುಡುಕಿ, ನಾನು ಪೆನ್ಸಿಲ್ ಹಂಚುತ್ತೇನೆ.