ಪತ್ರೊಡೆ ವಿಡಿಯೋ: ಎಡಿಟಿಂಗ್‌ನಲ್ಲಿ ಬದಲಾಗಬೇಕಾದದ್ದು

ಪ್ರಿಯ ಪ್ರಜ್ವಲ್,

ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಉಳಿದರ್ಧ ಬೈದಂತೆ ಕೇಳಿಸುತ್ತದೆ. ಅದಕ್ಕೇ ಬರೆದು ಕಳುಹಿಸುತ್ತಿದ್ದೇನೆ. ನೀವು ಎಡಿಟ್ ಮಾಡಿದ ಮೂರು ವಿಡಿಯೋಗಳ ಅಂಕಿಗಳನ್ನು, ನಾನೇ ರಾತ್ರಿ ಕುಳಿತು ಕತ್ತರಿಸುತ್ತಿದ್ದ ಹಿಂದಿನ ಹತ್ತು ವಿಡಿಯೋಗಳ ಪಕ್ಕದಲ್ಲಿಟ್ಟು ನೋಡಿದೆ. ಎಲ್ಲದಕ್ಕೂ ಮೊದಲ ಏಳು ದಿನದ ಲೆಕ್ಕವನ್ನಷ್ಟೇ ತೆಗೆದುಕೊಂಡಿದ್ದೇನೆ. ಇಲ್ಲದಿದ್ದರೆ ಹಳೆಯವು ವಯಸ್ಸಿನ ಬಲದಿಂದಲೇ ಗೆದ್ದುಬಿಡುತ್ತವೆ.

ಮೊದಲಿಗೆ, ನೀವು ಬಂದ ಮೇಲೆ ನಮ್ಮ ಅಡುಗೆಮನೆ ಅಡುಗೆಮನೆಯ ಬಣ್ಣದಲ್ಲಿ ಕಾಣಿಸುತ್ತಿದೆ. ಮಳೆಗಾಲದ ಮಂಕು ಬೆಳಕಿನಲ್ಲೂ ಕೆಸುವಿನ ಎಲೆಯ ಹಸಿರು ಕಪ್ಪಾಗಿಲ್ಲ. ಹಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಪೂರ್ತಿ ಅಳಿಸದೆ ಅಮ್ಮನ ಮಾತಿನ ಅಡಿಯಲ್ಲಿ ಉಳಿಸಿದ್ದೀರಲ್ಲ, ಅದು ನನಗೆ ಎಂದೂ ಹೊಳೆದಿರಲಿಲ್ಲ. ಈ ಎರಡನ್ನು ಮುಟ್ಟಬೇಡಿ.

ಇನ್ನು ಮೂರು ಅಂಕಿಗಳು.

ಹಳೆಯ ಹತ್ತು ವಿಡಿಯೋಗಳಲ್ಲಿ 30ನೇ ಸೆಕೆಂಡಿಗೆ ಸರಾಸರಿ ಶೇ. 68 ಜನ ಉಳಿದಿರುತ್ತಿದ್ದರು. ನಿಮ್ಮ ಮೂರರಲ್ಲಿ ಅದು 51, 47 ಮತ್ತು 44. ಪತ್ರೊಡೆಯದೇ 44. ಏನಾಯಿತೆಂದು ನೋಡಿದರೆ, ಮೊದಲ 24 ಸೆಕೆಂಡು ಮಲ್ಪೆ ಕಡಲ ತೀರದ ಡ್ರೋನ್ ಶಾಟ್, ಗದ್ದೆ, ಅಮ್ಮ ನಿಧಾನಕ್ಕೆ ತಿರುಗಿ ನಗುವುದು, ಆಮೇಲೆ ಚಾನೆಲ್ ಹೆಸರು. ಮದುವೆ ವಿಡಿಯೋದಲ್ಲಿ ಇದು ಸರಿ. ಅಲ್ಲಿ ನೋಡುವವರು ಮನೆಯವರೇ, ಎದ್ದುಹೋಗುವುದಿಲ್ಲ. ಯಕ್ಷಗಾನದಲ್ಲೂ ಪೂರ್ವರಂಗಕ್ಕೆ ಅದರದ್ದೇ ಜಾಗವಿದೆ. ಆದರೆ ಈಗ ಎಷ್ಟು ಜನ ಪೂರ್ವರಂಗಕ್ಕೆ ಮೊದಲೇ ಬಂದು ಚಾಪೆ ಹಾಕುತ್ತಾರೆ ಎಂಬುದು ನಿಮಗೂ ಗೊತ್ತು. ಥಂಬ್‌ನೇಲ್‌ನಲ್ಲಿ ಪತ್ರೊಡೆ ತೋರಿಸಿ ಕರೆದಿದ್ದೇವೆ, ಬಂದವರ ಮುಂದೆ ಸಮುದ್ರ ಹಿಡಿದಿದ್ದೇವೆ. ಇನ್ನು ಮುಂದೆ ಮೊದಲ ಐದು ಸೆಕೆಂಡಿನೊಳಗೆ ತಿನಿಸು ಕಾಣಿಸಲಿ, ಅದರ ಬೆನ್ನಿಗೇ ಅಮ್ಮನ ಒಂದು ಉಪಯುಕ್ತ ಮಾತು ಬರಲಿ. ಪತ್ರೊಡೆಯಲ್ಲಾದರೆ, 'ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ' ಎಂದು ಆರನೇ ನಿಮಿಷದಲ್ಲಿ ಹೇಳುತ್ತಾರಲ್ಲ, ಅದನ್ನೇ ಮುಂದಕ್ಕೆ ತರಬಹುದಿತ್ತು. ಡ್ರೋನ್ ಶಾಟ್ ಬೇಕೇ ಬೇಕೆನಿಸಿದರೆ ಎಲೆ ಬೇಯುವ ಹೊತ್ತಿನಲ್ಲಿ ಹಾಕಿ, ಅಲ್ಲಿ ಹೇಗೂ ಕಾಯಬೇಕು.

ಎರಡನೆಯ ಅಂಕಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ, ಏಕೆಂದರೆ ಮೇಲ್ನೋಟಕ್ಕೆ ಅದು ಗೆಲುವಿನಂತೆ ಕಾಣುತ್ತದೆ. ಪತ್ರೊಡೆ ವಿಡಿಯೋದ ರಿಟೆನ್ಷನ್ ಗೆರೆ ನಾಲ್ಕನೇ ನಿಮಿಷದ ಹೊತ್ತಿಗೆ ಶೇ. 38ಕ್ಕೆ ಇಳಿದಿರುತ್ತದೆ. 4:05ರಲ್ಲಿ ಇದ್ದಕ್ಕಿದ್ದಂತೆ 61ಕ್ಕೆ ಏರಿ, 4:19ಕ್ಕೆ ಮತ್ತೆ ಕೆಳಗೆ ಬರುತ್ತದೆ. ಗೆರೆ ಹೀಗೆ ನಡುವೆ ಏರಬೇಕಾದರೆ ಜನ ಹಿಂದಕ್ಕೆ ಎಳೆದು ಮತ್ತೆ ನೋಡಿರಬೇಕು, ಇಲ್ಲವೇ ನೇರವಾಗಿ ಅಲ್ಲಿಗೇ ಹಾರಿರಬೇಕು. ಇಷ್ಟವಾಗಿ ನೋಡಿದರೋ, ಅರ್ಥವಾಗದೆ ನೋಡಿದರೋ ಎಂಬುದನ್ನು ಗೆರೆ ಹೇಳುವುದಿಲ್ಲ. ಹಾಗಾಗಿ ಕಾಮೆಂಟ್‌ಗಳಿಗೆ ಹೋದೆ. 17 ಜನ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದಾರೆ: 'ಅಕ್ಕ, ಹಿಟ್ಟು ಎಲೆಯ ಯಾವ ಬದಿಗೆ ಹಚ್ಚಿದ್ದು?'

ಆ 14 ಸೆಕೆಂಡಿನಲ್ಲಿರುವುದು ಅಮ್ಮ ಎಲೆಯ ಮೇಲೆ ಎಲೆ ಇಟ್ಟು ಹಿಟ್ಟು ಸವರಿ ಸುರುಳಿ ಸುತ್ತುವ ಕೆಲಸ. ನಾನು ಕಳುಹಿಸಿದ ಫುಟೇಜ್‌ನಲ್ಲಿ ಅದು 220 ಸೆಕೆಂಡು ಇತ್ತು. ನೀವು ಸುಮಾರು 16 ಪಟ್ಟು ವೇಗ ಕೊಟ್ಟು, ಮೇಲೆ ಸಂಗೀತ ಹಾಕಿದಿರಿ. ನೋಡಲು ಚೆಂದವಿದೆ, ಕೈಗಳು ಹಾರಾಡುತ್ತವೆ. ಆದರೆ ಕಾಣದೇ ಹೋದದ್ದು ಇಷ್ಟು: ದೊಡ್ಡ ಎಲೆ ಅಡಿಗೆ ಬರಬೇಕು, ನರ ಎದ್ದು ಕಾಣುವ ಬೆನ್ನಿನ ಬದಿ ಮೇಲಿರಬೇಕು, ದಪ್ಪ ನರವನ್ನು ಚೂರಿಯಿಂದ ಸವರಬೇಕು, ಎರಡನೆಯ ಎಲೆಯನ್ನು ತಲೆಕೆಳಗಾಗಿ ಇಡಬೇಕು, ಬದಿಗಳನ್ನು ಒಳಕ್ಕೆ ಮಡಚಿದ ಮೇಲೆಯೇ ಸುತ್ತಬೇಕು. ಪತ್ರೊಡೆಯ ವಿದ್ಯೆ ಇರುವುದೇ ಇಲ್ಲಿ. ಅಕ್ಕಿ ನೆನೆಸಿ ಮೆಣಸು, ಹುಳಿ, ಬೆಲ್ಲ ಸೇರಿಸಿ ಅರೆಯುವುದನ್ನು ಬರೆದು ಕೊಟ್ಟರೂ ಸಾಕು. ಸುತ್ತುವುದನ್ನು ಬರೆದು ಕಲಿಸಲಾಗದು. ನೀವೋ ಅಕ್ಕಿ ತೊಳೆಯುವುದಕ್ಕೆ 40 ಸೆಕೆಂಡು ಕೊಟ್ಟಿದ್ದೀರಿ!

ಇದರಲ್ಲಿ ನನ್ನ ಪಾಲೂ ಇದೆ. 'ಎಂಟು ನಿಮಿಷ ದಾಟಬಾರದು, ಬೇಗ ಬೇಗ ಹೋಗಲಿ' ಎಂದವಳು ನಾನು. ಎಲ್ಲಿ ಬೇಗ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಲಿಲ್ಲ. ಈಗ ಹೇಳುತ್ತೇನೆ: ತೊಳೆಯುವುದು, ನೆನೆಸುವುದು, ಅರೆಯುವುದು, ಬೇಯಿಸುವುದನ್ನು ಎಷ್ಟು ಬೇಕಾದರೂ ಕತ್ತರಿಸಿ. ಅಮ್ಮನ ಬೆರಳು ಏನನ್ನಾದರೂ ನಿರ್ಧರಿಸುತ್ತಿರುವ ಜಾಗದಲ್ಲಿ ವೇಗ ಹೆಚ್ಚಿಸಬೇಡಿ, ಸಂಗೀತ ಹಾಕಬೇಡಿ. ಮೊದಲ ಸುರುಳಿಯನ್ನು ಪೂರ್ತಿಯಾಗಿ, ಅವರ ಮಾತಿನ ಸಮೇತ ತೋರಿಸಿ. ಉಳಿದ ಸುರುಳಿಗಳನ್ನು ಓಡಿಸಿ. ಒಟ್ಟು ಉದ್ದ ಹತ್ತು ನಿಮಿಷವಾದರೆ ಆಗಲಿ. ಎಂಟರ ಮಿತಿಯನ್ನು ತೆಗೆದುಹಾಕಿದ್ದೇನೆ.

ಮೂರನೆಯದು ಕೊನೆಯ ಭಾಗ. ಹಳೆಯ ವಿಡಿಯೋಗಳಲ್ಲಿ ಎಂಡ್ ಸ್ಕ್ರೀನ್‌ನಲ್ಲಿ ತೋರಿಸಿದ ಮುಂದಿನ ವಿಡಿಯೋವನ್ನು ಒತ್ತುವವರು ಶೇ. 5.1 ಇದ್ದರು, ನಿಮ್ಮ ಮೂರರಲ್ಲಿ 0.9. ಅಮ್ಮ ಒಂದು ತುಂಡು ಬಾಯಿಗಿಟ್ಟ ಕೂಡಲೇ ನೀವು ತೆರೆಯನ್ನು ಕಪ್ಪು ಮಾಡಿ 'ಧನ್ಯವಾದಗಳು' ಎಂದು ಬರೆಯುತ್ತೀರಿ, ಆಮೇಲೆ ಎಂಡ್ ಸ್ಕ್ರೀನ್. ಊಟ ಮುಗಿದು ಕೈ ತೊಳೆದವರಿಗೆ ಪಾಯಸ ಬಡಿಸಿದಂತೆ. ರುಚಿ ನೋಡುವ ಶಾಟ್ ನಡೆಯುತ್ತಿರುವಾಗಲೇ, ಕೊನೆಯ 15 ಸೆಕೆಂಡಿಗೆ, ಅದರ ಮೇಲೆಯೇ ಎಂಡ್ ಸ್ಕ್ರೀನ್ ಬರುವಂತೆ ಮಾಡಿ. ಅದಕ್ಕೆ ಬೇಕಾದ ಹಾಗೆ ಬಲಬದಿಯಲ್ಲಿ ಜಾಗ ಬಿಟ್ಟು ಚಿತ್ರೀಕರಿಸುವುದು ನನ್ನ ಕೆಲಸ. ಧನ್ಯವಾದದ ಹಲಗೆ ಬೇಡ, ಅಮ್ಮ ಬಾಯಲ್ಲೇ ಹೇಳುತ್ತಾರೆ.

ಥಂಬ್‌ನೇಲ್ ಒತ್ತುವವರ ಪ್ರಮಾಣ 7.2ರಿಂದ 4.6ಕ್ಕೆ ಇಳಿದದ್ದಕ್ಕೆ ನೀವು ಬೇಸರಪಟ್ಟುಕೊಂಡಿದ್ದಿರಿ. ಅದನ್ನು ನಾನು ನಿಮ್ಮ ಲೆಕ್ಕಕ್ಕೆ ಹಿಡಿದಿಲ್ಲ. ಪತ್ರೊಡೆ ವಿಡಿಯೋವನ್ನು ಯೂಟ್ಯೂಬ್ ತನ್ನ ಮುಖಪುಟದಲ್ಲಿ ಹಿಂದಿನ ಮೂರು ಪಟ್ಟು ಜನರಿಗೆ ತೋರಿಸಿದೆ, ಅವರಲ್ಲಿ ಹೆಚ್ಚಿನವರಿಗೆ ನಮ್ಮ ಗುರುತೇ ಇಲ್ಲ. ಪರಿಚಯವಿಲ್ಲದವರಲ್ಲಿ ಒತ್ತುವವರು ಕಡಿಮೆಯೇ. ಥಂಬ್‌ನೇಲ್ ಶೈಲಿ ಹಾಗೆಯೇ ಇರಲಿ.

ಪತ್ರೊಡೆಯನ್ನು ಮತ್ತೆ ಎಡಿಟ್ ಮಾಡುವುದು ಬೇಡ. ಎಲೆ ಜೋಡಿಸಿ ಸುತ್ತುವ ಆ 220 ಸೆಕೆಂಡನ್ನು ಮಾತ್ರ ಬೇರೆಯೇ ಒಂದು ಚಿಕ್ಕ ವಿಡಿಯೋ ಮಾಡಿಕೊಡಿ. ಆ 17 ಜನರಿಗೆ ಅದರ ಕೊಂಡಿಯನ್ನು ನಾನೇ ಕಳುಹಿಸುತ್ತೇನೆ. ಮಟ್ಟುಗುಳ್ಳದ ಹುಳಿಯ ಫುಟೇಜ್ ಡ್ರೈವ್‌ಗೆ ಹಾಕಿದ್ದೇನೆ. ಅದರಲ್ಲಿ ಗುಳ್ಳವನ್ನು ಹೆಚ್ಚಿ ನೀರಿಗೆ ಹಾಕುವುದು ಮತ್ತು ಬೆಂದದ್ದನ್ನು ಬೆರಳಿನಿಂದ ಒತ್ತಿ ನೋಡುವುದು, ಈ ಎರಡು ಕಡೆ ನಿಲ್ಲಬೇಕು. ಉಳಿದದ್ದು ನಿಮ್ಮ ಇಷ್ಟ. ಮೊದಲ ಕಟ್ ಗುರುವಾರ ರಾತ್ರಿಯೊಳಗೆ ಸಿಗಲಿ, ಬಣ್ಣದ ಕೆಲಸ ಆಗಿರದಿದ್ದರೂ ಪರವಾಗಿಲ್ಲ.

ಶನಿವಾರ ಬಿಡುವಿದ್ದರೆ ಮಂಗಳೂರಿನಿಂದ ಬಸ್ ಹತ್ತಿ ಬನ್ನಿ. ಕಟಪಾಡಿಯಲ್ಲಿ ಇಳಿದು ಫೋನ್ ಮಾಡಿ, ಸ್ಕೂಟರ್ ತರುತ್ತೇನೆ. ಒಂದು ಸುರುಳಿಯನ್ನಾದರೂ ನಿಮ್ಮ ಕೈಯಿಂದಲೇ ಸುತ್ತಿಸದೆ ಬಿಡುವುದಿಲ್ಲ ಎಂದು ಅಮ್ಮ ಹೇಳಿದ್ದಾರೆ.

ಇಂತಿ,
ಸುಜಾತಾ