ಡೆಂಗಿ ಚಿಕಿತ್ಸೆಯ ಕ್ಲೇಮ್ ತಿರಸ್ಕಾರದ ವಿರುದ್ಧ ಮೇಲ್ಮನವಿ

ದಿನಾಂಕ: 16 ಅಕ್ಟೋಬರ್ 2025
ಭಾಂಡುಪ್ ಪಶ್ಚಿಮ, ಮುಂಬೈ 400078

ಇವರಿಗೆ,
ಕುಂದುಕೊರತೆ ನಿವಾರಣಾಧಿಕಾರಿಗಳು,
ಆರೋಗ್ಯ ವಿಮಾ ವಿಭಾಗ, ಮುಂಬೈ ಪ್ರಾದೇಶಿಕ ಕಚೇರಿ

ವಿಷಯ: 3 ಅಕ್ಟೋಬರ್ 2025ರ ನಿಮ್ಮ ತಿರಸ್ಕಾರ ಪತ್ರವನ್ನು ಮರುಪರಿಶೀಲಿಸಿ 83,740 ರೂಪಾಯಿ ಪಾವತಿಸುವಂತೆ ಕೋರಿಕೆ

ಮಾನ್ಯರೇ,

ನನ್ನ ತಾಯಿ, 66 ವರ್ಷದವರು, ಡೆಂಗಿಯಿಂದಾಗಿ 2025ರ ಆಗಸ್ಟ್ 19ರ ರಾತ್ರಿಯಿಂದ 24ರವರೆಗೆ ಭಾಂಡುಪ್ ಪಶ್ಚಿಮದ ನರ್ಸಿಂಗ್ ಹೋಮ್ ಒಂದರಲ್ಲಿ ಒಳರೋಗಿಯಾಗಿದ್ದರು. ಒಟ್ಟು ಬಿಲ್ 86,740 ರೂಪಾಯಿ. ಅದರಲ್ಲಿ ನೋಂದಣಿ ಶುಲ್ಕ, ಕೈಗವಸು ಮುಂತಾದವುಗಳ 3,000 ರೂಪಾಯಿ ಪಾಲಿಸಿಯಲ್ಲಿ ಸೇರುವುದಿಲ್ಲವೆಂದು ಗೊತ್ತಿರುವುದರಿಂದ ಅದನ್ನು ನಾನು ಕೇಳಿಲ್ಲ. ಉಳಿದ ಮೊತ್ತದ ಕ್ಲೇಮನ್ನು ನೀವು ನಾಲ್ಕು ಕಾರಣ ಕೊಟ್ಟು ತಿರಸ್ಕರಿಸಿದ್ದೀರಿ. ನಿಮ್ಮ ಪತ್ರದ ಕ್ರಮದಲ್ಲಿಯೇ ಉತ್ತರಿಸುತ್ತಿದ್ದೇನೆ. ದೂರು ನಮೂನೆಯ ಭಾಷಾ ಆಯ್ಕೆಯಲ್ಲಿ ಕನ್ನಡವೂ ಇರುವುದರಿಂದ ಕನ್ನಡದಲ್ಲಿ ಬರೆದಿದ್ದೇನೆ. ನಾನು ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿ. ತಾಯಿಯ ವಿಷಯವನ್ನು ತಪ್ಪಿಲ್ಲದೆ ಹೇಳಲು ನನಗೆ ಒದಗುವ ಭಾಷೆ ಇದೇ.

ಕಾರಣ 1: "ದಾಖಲಾದಾಗ ಜ್ವರವಿರಲಿಲ್ಲ, ನಾಡಿ ಮತ್ತು ರಕ್ತದೊತ್ತಡ ಸ್ಥಿರವಾಗಿದ್ದವು. ಚಿಕಿತ್ಸೆಯನ್ನು ಹೊರರೋಗಿಯಾಗಿ ಪಡೆಯಬಹುದಿತ್ತು."

ಜ್ವರವಿರಲಿಲ್ಲ ಎಂಬುದು ನಿಜ. ಆದರೆ ಡೆಂಗಿಯಲ್ಲಿ ಜ್ವರ ಇಳಿದದ್ದು ಗುಣವಾದ ಲಕ್ಷಣವಲ್ಲ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಜ್ವರ ಬಿಡುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ಅಪಾಯದ ಘಟ್ಟ ಅದೇ. ತಾಯಿಗೆ ಜ್ವರ ಬಂದದ್ದು ಆಗಸ್ಟ್ 15ರಂದು, ಇಳಿದದ್ದು 19ರಂದು, ಅಂದರೆ ಐದನೆಯ ದಿನ. ಆ ದಿನ ಮಳೆಯಿಂದಾಗಿ ಶಾಲೆಗೆ ರಜೆ ಇದ್ದುದರಿಂದ ನಾನು ಮನೆಯಲ್ಲಿಯೇ ಇದ್ದೆ. ಬೆಳಗಿನಿಂದ ಗಂಜಿಯ ತಿಳಿಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಐದು ಬಾರಿ ವಾಂತಿಯಾಯಿತು. ಸಂಜೆ ಹೊಟ್ಟೆಯ ಬಲಭಾಗವನ್ನು ಒತ್ತಿ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತವರು ಕರೆದರೂ ತಡವಾಗಿ ಓಗೊಡುತ್ತಿದ್ದರು.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಡೆಂಗಿ ಮಾರ್ಗಸೂಚಿ ಹೇಳುವ ಎಚ್ಚರಿಕೆಯ ಲಕ್ಷಣಗಳಲ್ಲಿ ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು, ಒಸಡು ಮೊದಲಾದ ಕಡೆ ರಕ್ತಸ್ರಾವ, ದ್ರವ ಸಂಗ್ರಹ, ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ತೋರಿಸುವ ಹಿಮಟೋಕ್ರಿಟ್ ಏರುತ್ತಾ ಪ್ಲೇಟ್‌ಲೆಟ್ ವೇಗವಾಗಿ ಕುಸಿಯುವುದು ಸೇರಿವೆ. ಇವು ಕಂಡವರನ್ನು ಆಸ್ಪತ್ರೆಗೆ ಸೇರಿಸಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಮೊದಲ ಮೂರೂ ದಾಖಲಾತಿ ಟಿಪ್ಪಣಿಯಲ್ಲಿವೆ. ಉಳಿದವು ವರದಿಗಳಲ್ಲಿವೆ. ಆಗಸ್ಟ್ 18ರಂದು, ಎನ್‌ಎಸ್1 ಡೆಂಗಿ ಪರೀಕ್ಷೆ ಪಾಸಿಟಿವ್ ಬಂದ ದಿನ, ಪ್ಲೇಟ್‌ಲೆಟ್ 1,12,000 ಮತ್ತು ಹಿಮಟೋಕ್ರಿಟ್ 36.0 ಇತ್ತು. 19ರ ರಾತ್ರಿ ಪ್ಲೇಟ್‌ಲೆಟ್ 41,000ಕ್ಕೆ ಇಳಿದು ಹಿಮಟೋಕ್ರಿಟ್ 43.4ಕ್ಕೆ ಏರಿತು. ಒಂದೇ ದಿನದಲ್ಲಿ ಶೇಕಡಾ 20ಕ್ಕೂ ಹೆಚ್ಚು ಏರಿಕೆ. ರಕ್ತನಾಳಗಳಿಂದ ದ್ರವ ಸೋರುತ್ತಿದೆ ಎಂಬುದನ್ನು ವೈದ್ಯರು ಗುರುತಿಸುವುದೇ ಇಷ್ಟು ಏರಿಕೆಯಿಂದ. 20ರ ಸೋನೋಗ್ರಫಿಯಲ್ಲಿ ಪಿತ್ತಕೋಶದ ಗೋಡೆ ಊದಿಕೊಂಡಿರುವುದೂ ಬಲ ಶ್ವಾಸಕೋಶದ ಹೊರಗೆ ಸ್ವಲ್ಪ ನೀರು ಸೇರಿರುವುದೂ ಕಂಡಿವೆ.

ಪ್ಲೇಟ್‌ಲೆಟ್ 20ರಂದು 28,000ಕ್ಕೂ 21ರ ಬೆಳಿಗ್ಗೆ 17,000ಕ್ಕೂ ಇಳಿಯಿತು. ಆ ಬೆಳಿಗ್ಗೆ ತಾಯಿ ಬಾಯಿ ಮುಕ್ಕಳಿಸಿದ ನೀರು ಸ್ಟೀಲಿನ ಬಟ್ಟಲಿನಲ್ಲಿ ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗಿತ್ತು. ದಾದಿ ಅದನ್ನು ಚೆಲ್ಲದೆ ವೈದ್ಯರು ಬರುವವರೆಗೆ ಹಾಗೆಯೇ ಇಟ್ಟಿದ್ದರು. ಒಸಡಿನಿಂದ ರಕ್ತ ಬರುತ್ತಿದ್ದುದರಿಂದ ವೈದ್ಯರು ಪ್ಲೇಟ್‌ಲೆಟ್ ಕೊಡಬೇಕೆಂದರು. ಮುಲುಂಡಿನ ರಕ್ತನಿಧಿಯಿಂದ ಒಂದು ಯೂನಿಟ್ ತರಿಸಿ ಅಂದು ಸಂಜೆಯೇ ಏರಿಸಿದರು. ಬಿಲ್ಲಿನಲ್ಲಿರುವ 11,000 ರೂಪಾಯಿ ಅದರದ್ದೇ. 22ರಂದು 34,000, 23ರಂದು 61,000, 24ರಂದು 98,000 ಆದ ಮೇಲೆಯೇ ಮನೆಗೆ ಕಳುಹಿಸಿದರು.

ನಾಲ್ಕು ಗಂಟೆಗೊಮ್ಮೆ ರಕ್ತದೊತ್ತಡ ಅಳೆದು, ದಿನಕ್ಕೆ ಎರಡು ಬಾರಿ ರಕ್ತ ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಸಲೈನಿನ ವೇಗವನ್ನು ಏರಿಸಿ ಇಳಿಸಿದ ದಾಖಲೆಯ ಹನ್ನೊಂದು ಹಾಳೆಗಳನ್ನು ಲಗತ್ತಿಸಿದ್ದೇನೆ. ಈ ಕೆಲಸವನ್ನು ಯಾವ ಹೊರರೋಗಿ ವಿಭಾಗದಲ್ಲಿ, ಯಾವ ಹೊತ್ತಿನಲ್ಲಿ ಮಾಡಿಸಬಹುದಿತ್ತು ಎಂಬುದನ್ನು ನಿಮ್ಮ ವೈದ್ಯಕೀಯ ಸಲಹೆಗಾರರು ಬರಹದಲ್ಲಿ ತಿಳಿಸಲಿ. ನಿಮ್ಮ ಪತ್ರ ದಾಖಲಾದ ಕ್ಷಣದ ನಾಡಿಯನ್ನು ಮಾತ್ರ ನೋಡಿದೆ. ಅದೇ ಪುಟದ ಕೆಳಭಾಗದಲ್ಲಿರುವ ಹಿಮಟೋಕ್ರಿಟ್‌ನ ಮಾತನ್ನೇ ಎತ್ತಿಲ್ಲ. ನನಗೆ ಹೆಚ್ಚು ನೋವಾದದ್ದು ಇದರಿಂದಲೇ.

ಕಾರಣ 2: "ಪಾಲಿಸಿಗೆ ಮೊದಲಿನಿಂದ ಇದ್ದ ಮಧುಮೇಹವನ್ನು ಪ್ರಸ್ತಾವನೆಯಲ್ಲಿ ತಿಳಿಸಿಲ್ಲ."

ಇದಕ್ಕೆ ನೀವು ಕೊಟ್ಟಿರುವ ಆಧಾರ ಒಂದೇ, ಡಿಸ್ಚಾರ್ಜ್ ಸಾರಾಂಶದಲ್ಲಿರುವ "ಮಧುಮೇಹ, 8 ವರ್ಷದಿಂದ" ಎಂಬ ಸಾಲು. ಆ ಸಾಲು ಹೇಗೆ ಬಂತೆಂದು ಹೇಳುತ್ತೇನೆ. ರಾತ್ರಿ ಹತ್ತೂ ಮುಕ್ಕಾಲಿಗೆ, ವಾಂತಿಯಿಂದ ಬಳಲಿದ್ದ ತಾಯಿಯನ್ನು ಕರ್ತವ್ಯದಲ್ಲಿದ್ದ ವೈದ್ಯರು "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?" ಎಂದು ಕೇಳಿದರು. ತಾಯಿ "ಏಳೆಂಟು ವರ್ಷ ಆಗಿರಬೇಕು" ಎಂದರು. ನಾನು ಆಗ ಕೆಳಗೆ ಮುಂಗಡ ಕಟ್ಟುತ್ತಿದ್ದೆ. ಮಾತು ಅವರದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ತಪ್ಪು ಎನ್ನಲು ನಿಮ್ಮ ಬಳಿಯೇ ಸಾಕ್ಷಿ ಇದೆ.

ಪಾಲಿಸಿ ಆರಂಭವಾದದ್ದು 2018ರ ಜೂನ್ 11ರಂದು. 2020ರ ನವೆಂಬರ್‌ನಲ್ಲಿ ತಾಯಿಯ ಎಡಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಆ ಕ್ಲೇಮನ್ನು ನೀವೇ ಮಂಜೂರು ಮಾಡಿದ್ದೀರಿ. ಅದರ ಕಡತದಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲಿನ ರಕ್ತಪರೀಕ್ಷೆ ಇದೆ. ಬರಿಹೊಟ್ಟೆಯ ಸಕ್ಕರೆ 96. ಯಾವ ಮಾತ್ರೆಯೂ ಇರಲಿಲ್ಲ. ಎಂಟು ವರ್ಷದ ಮಧುಮೇಹವಾಗಿದ್ದರೆ ಅಂದಿಗೆ ಅದು ಮೂರು ವರ್ಷ ಹಳೆಯದಾಗಿರಬೇಕಿತ್ತು. ಕಾಯಿಲೆ ಮೊದಲು ಪತ್ತೆಯಾದದ್ದು 2021ರ ಫೆಬ್ರುವರಿಯಲ್ಲಿ. ಆ ವರದಿಯನ್ನೂ, ಮೊದಲ ಬಾರಿಗೆ ಮಾತ್ರೆ ಬರೆದುಕೊಟ್ಟ ಚೀಟಿಯನ್ನೂ, ಡಿಸ್ಚಾರ್ಜ್ ಸಾರಾಂಶವನ್ನು ತಿದ್ದಿ ವೈದ್ಯರು ಕೊಟ್ಟ ಪ್ರಮಾಣಪತ್ರವನ್ನೂ ಲಗತ್ತಿಸಿದ್ದೇನೆ. 2018ರ ಪ್ರಸ್ತಾವನೆಯನ್ನು ದಯವಿಟ್ಟು ತೆರೆದು ನೋಡಿ. ರಕ್ತದೊತ್ತಡದ ಮಾತ್ರೆಯ ಹೆಸರನ್ನು ನಾವೇ ಬರೆದುಕೊಟ್ಟಿದ್ದೇವೆ. ಒಂದನ್ನು ತಾವಾಗಿ ಹೇಳಿದವರು ಇನ್ನೊಂದನ್ನು ಏಕೆ ಬಚ್ಚಿಡುತ್ತಾರೆ?

ನನ್ನ ಈ ವಿವರಣೆಯನ್ನು ನೀವು ನಂಬದಿದ್ದರೂ ಈ ಕಾರಣ ನಿಲ್ಲುವುದಿಲ್ಲ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ 2024ರಲ್ಲಿ ಮಾಡಿದ ನಿಯಮಗಳ ಪ್ರಕಾರ ಆರೋಗ್ಯ ಪಾಲಿಸಿ ಸತತವಾಗಿ 60 ತಿಂಗಳು ನಡೆದ ಮೇಲೆ, ಮಾಹಿತಿ ತಿಳಿಸಿಲ್ಲ ಅಥವಾ ತಪ್ಪಾಗಿ ತಿಳಿಸಿದ್ದಾರೆ ಎಂದು ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ವಂಚನೆ ಸಾಬೀತಾಗಿದ್ದರೆ ಮಾತ್ರ ಇದಕ್ಕೆ ಹೊರತು. ಮೊದಲು ಎಂಟು ವರ್ಷವಿದ್ದ ಈ ಅವಧಿ 2024ರ ಏಪ್ರಿಲ್‌ನಿಂದ ಐದು ವರ್ಷಕ್ಕೆ ಇಳಿದಿದೆ. ನಮ್ಮ ಪಾಲಿಸಿ ಒಂದು ದಿನವೂ ತಪ್ಪದೆ ಏಳು ವರ್ಷ ಎರಡು ತಿಂಗಳು ನಡೆದಿತ್ತು. ನಿಮ್ಮ ಪತ್ರದಲ್ಲಿ ವಂಚನೆ ಎಂಬ ಪದವೇ ಇಲ್ಲ. ಅಲ್ಲದೆ ಡೆಂಗಿ ಸೊಳ್ಳೆ ಕಚ್ಚಿ ಬರುವ ವೈರಸ್ ರೋಗ. ಸಕ್ಕರೆಯಿಂದ ಬರುವುದಲ್ಲ.

ಕಾರಣ 3: "ನರ್ಸಿಂಗ್ ಹೋಮಿನಲ್ಲಿ 12 ಹಾಸಿಗೆಗಳು ಮಾತ್ರ ಇವೆ. ಪಾಲಿಸಿಯ 'ಆಸ್ಪತ್ರೆ' ವ್ಯಾಖ್ಯಾನಕ್ಕೆ ಒಳಪಡುವುದಿಲ್ಲ."

ಪಾಲಿಸಿಯ ವ್ಯಾಖ್ಯಾನದಲ್ಲಿ ಎರಡು ಭಾಗಗಳಿವೆ. 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯಡಿ ಅಥವಾ ಅದರ ಸೆಕ್ಷನ್ 56(1)ರ ಅನುಸೂಚಿಯಲ್ಲಿರುವ ಕಾಯ್ದೆಯಡಿ ನೋಂದಣಿಯಾಗಿರುವುದು ಮೊದಲನೆಯದು. ಹದಿನೈದು ಹಾಸಿಗೆ, ಹಗಲಿರುಳು ದಾದಿಯರು, ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದ ಕನಿಷ್ಠ ಸೌಲಭ್ಯಗಳಿರುವುದು ಎರಡನೆಯದು. ಇವೆರಡರ ನಡುವೆ "ಅಥವಾ" ಎಂಬ ಪದವಿದೆ. ನಿಮ್ಮ ಪತ್ರ ಎರಡನೆಯದನ್ನು ಮಾತ್ರ ಉಲ್ಲೇಖಿಸಿದೆ. 1949ರ ಬಾಂಬೆ ನರ್ಸಿಂಗ್ ಹೋಮ್ಸ್ ನೋಂದಣಿ ಕಾಯ್ದೆ ಆ ಅನುಸೂಚಿಯಲ್ಲಿದೆ. ಈ ನರ್ಸಿಂಗ್ ಹೋಮ್ ಅದರಡಿ ಪಾಲಿಕೆಯಲ್ಲಿ ನೋಂದಣಿಯಾಗಿದ್ದು, ಪ್ರಮಾಣಪತ್ರ 2027ರ ಮಾರ್ಚ್ 31ರವರೆಗೆ ಊರ್ಜಿತವಾಗಿದೆ. ಪ್ರತಿ ಲಗತ್ತಿಸಿದೆ.

ಕಾರಣ 4: "ತುರ್ತು ದಾಖಲಾತಿಯ ಮಾಹಿತಿಯನ್ನು 24 ಗಂಟೆಯೊಳಗೆ ಕೊಟ್ಟಿಲ್ಲ."

ಹೌದು, ತಡವಾಗಿದೆ. ದಾಖಲಾದದ್ದು 19ರ ರಾತ್ರಿ 10:40ಕ್ಕೆ, ನನ್ನ ಇಮೇಲ್ ತಲುಪಿದ್ದು 21ರ ಮಧ್ಯಾಹ್ನ 1:05ಕ್ಕೆ. ಹದಿನಾಲ್ಕೂವರೆ ಗಂಟೆಗಳಷ್ಟು ತಡ. ಆ 19ರಂದು ಮುಂಬೈ ಹೇಗಿತ್ತೆಂಬುದು ಇಲ್ಲಿಯೇ ಇರುವ ನಿಮ್ಮ ಸಿಬ್ಬಂದಿಗೂ ನೆನಪಿರುತ್ತದೆ. ಹಳಿಗಳ ಮೇಲೆ ನೀರು ನಿಂತು ಮಧ್ಯ ರೈಲ್ವೆಯ ಲೋಕಲ್‌ಗಳು ಗಂಟೆಗಟ್ಟಲೆ ನಿಂತಿದ್ದವು. ಕುಂದಾಪುರದಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದ ತಮ್ಮ ಬಂದು ತಲುಪಿದ್ದು 22ರ ಬೆಳಿಗ್ಗೆ. ಅಲ್ಲಿಯವರೆಗೆ ತಾಯಿಯ ಬಳಿ ಇದ್ದವಳು ನಾನೊಬ್ಬಳೇ. ಆದರೂ 20ರ ಸಂಜೆ 7:12ಕ್ಕೆ, ಅಂದರೆ 24 ಗಂಟೆಯೊಳಗೆ, ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಹನ್ನೊಂದು ನಿಮಿಷ ಕಾಯಿಸಿ ಕರೆ ಕಡಿತವಾಯಿತು. ಮೊಬೈಲ್ ಕಂಪನಿಯ ಕರೆ ವಿವರ ಲಗತ್ತಿಸಿದೆ. ಇಮೇಲನ್ನು ಬರೆದದ್ದು ಮುಲುಂಡಿನ ರಕ್ತನಿಧಿಯ ಬೆಂಚಿನ ಮೇಲೆ, ಪ್ಲೇಟ್‌ಲೆಟ್ ಚೀಲಕ್ಕಾಗಿ ಕಾಯುತ್ತಾ.

ಅನಿವಾರ್ಯ ಕಾರಣಗಳಿಂದ ತಡವಾದ ನ್ಯಾಯಯುತ ಕ್ಲೇಮುಗಳನ್ನು ತಡವಾಯಿತೆಂಬ ಒಂದೇ ನೆಪದಿಂದ ತಿರಸ್ಕರಿಸಬಾರದೆಂದು ಪ್ರಾಧಿಕಾರ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಹೇಳಿದೆ. ಇಮೇಲ್ ಸಿಕ್ಕಿದ ಮೇಲೂ ತಾಯಿ ಮೂರು ದಿನ ಆಸ್ಪತ್ರೆಯಲ್ಲಿದ್ದರು. ನಿಮ್ಮ ತನಿಖಾಧಿಕಾರಿ 22ರಂದು ಬಂದು ಅವರನ್ನು ಮಾತನಾಡಿಸಿ, ಹಾಸಿಗೆಗಳನ್ನೂ ಎಣಿಸಿ ಹೋದರು. ತಡವಾದದ್ದರಿಂದ ನಿಮಗೆ ಯಾವುದನ್ನು ಪರಿಶೀಲಿಸಲು ಆಗಲಿಲ್ಲ?

ಇನ್ನೊಂದು ವಿಷಯ. 2024ರ ಮೇ 29ರ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ನಿಮ್ಮ ಪತ್ರದಲ್ಲಿ ಅದರ ಉಲ್ಲೇಖವಿಲ್ಲ. ಒಪ್ಪಿಗೆ ಆಗಿದ್ದರೆ ಅದರ ಪ್ರತಿಯನ್ನೂ, ತನಿಖಾಧಿಕಾರಿಯ ವರದಿಯನ್ನೂ, ವೈದ್ಯಕೀಯ ಸಲಹೆಗಾರರ ಅಭಿಪ್ರಾಯವನ್ನೂ ಕಳುಹಿಸಿಕೊಡಿ.

83,740 ರೂಪಾಯಿಯನ್ನು, ವಿಳಂಬಕ್ಕೆ ನಿಯಮದಂತೆ ಸಲ್ಲುವ ಬಡ್ಡಿಯೊಂದಿಗೆ, ಕ್ಲೇಮ್ ಅರ್ಜಿಯಲ್ಲಿ ಕೊಟ್ಟಿರುವ ಬ್ಯಾಂಕ್ ಖಾತೆಗೆ ಜಮೆ ಮಾಡಬೇಕೆಂದು ಕೋರುತ್ತೇನೆ. ತಿರಸ್ಕಾರವನ್ನೇ ಉಳಿಸಿಕೊಳ್ಳುವುದಾದರೆ ಮೇಲಿನ ನಾಲ್ಕು ಉತ್ತರಗಳಲ್ಲಿ ಪ್ರತಿಯೊಂದು ಏಕೆ ಒಪ್ಪಿಗೆಯಿಲ್ಲ ಎಂದು ಪಾಲಿಸಿಯ ಷರತ್ತಿನ ಸಂಖ್ಯೆಯೊಂದಿಗೆ ತಿಳಿಸಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, 2017ರ ವಿಮಾ ಒಂಬುಡ್ಸ್‌ಮನ್ ನಿಯಮಗಳಡಿ ಸಂಬಂಧಪಟ್ಟ ಒಂಬುಡ್ಸ್‌ಮನ್ ಕಚೇರಿಗೆ ಇದೇ ಕಡತವನ್ನು ಒಯ್ಯುತ್ತೇನೆ.

ತಾಯಿಯನ್ನು ಮತ್ತೆ ವಿಚಾರಿಸಬೇಕೆಂದಿದ್ದರೆ ದಯವಿಟ್ಟು ಮೊದಲು ನನಗೆ ತಿಳಿಸಿ. "ನನ್ನ ಬಾಯಿಂದಲೇ ಹಣ ಹೋಯಿತು" ಎಂದು ಅವರು ನಿಮ್ಮ ಪತ್ರ ಬಂದ ದಿನದಿಂದ ಹೇಳಿಕೊಳ್ಳುತ್ತಿದ್ದಾರೆ. ನಾನು ಪಕ್ಕದಲ್ಲಿರುವಾಗ ಯಾವ ಪ್ರಶ್ನೆಗಾದರೂ ಉತ್ತರಿಸುತ್ತಾರೆ. ಸಂಜೆ ಆರರ ನಂತರ ನೋಂದಾಯಿತ ಮೊಬೈಲಿನಲ್ಲಿ ಸಿಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸುನಂದಾ ಗಾಣಿಗ
(ಪಾಲಿಸಿದಾರರು, ವಿಮೆಗೊಳಪಟ್ಟವರ ಮಗಳು)

ಅಡಕ: ತಿರಸ್ಕಾರ ಪತ್ರದ ಪ್ರತಿ, ಆಗಸ್ಟ್ 18ರಿಂದ 24ರವರೆಗಿನ ರಕ್ತಪರೀಕ್ಷೆ ಮತ್ತು ಸೋನೋಗ್ರಫಿ ವರದಿಗಳು, ದಾಖಲಾತಿ ಟಿಪ್ಪಣಿ, ದಾದಿಯರ ದಾಖಲೆಯ 11 ಹಾಳೆಗಳು, ರಕ್ತನಿಧಿಯ ರಸೀದಿ, 2020ರ ಮತ್ತು 2021ರ ಸಕ್ಕರೆ ವರದಿಗಳು, ಮೊದಲ ಮಾತ್ರೆಯ ಚೀಟಿ, ವೈದ್ಯರ ತಿದ್ದುಪಡಿ ಪ್ರಮಾಣಪತ್ರ, ನರ್ಸಿಂಗ್ ಹೋಮ್ ನೋಂದಣಿ ಪ್ರತಿ, ಮೊಬೈಲ್ ಕರೆ ವಿವರ, 2018ರಿಂದ ಈವರೆಗಿನ ನವೀಕರಣ ರಸೀದಿಗಳು.