ಪಿತ್ತಕೋಶದ ಆಪರೇಷನ್: ಅಂದಾಜು ಖರ್ಚು

ಅಮ್ಮಾ, ನಮಸ್ಕಾರ.

ಮುಂದಿನ ಗುರುವಾರ ನಿಮಗೆ ಮಾಡುವ ಪಿತ್ತಕೋಶದ ಲ್ಯಾಪರೋಸ್ಕೋಪಿ ಆಪರೇಷನ್‌ಗೆ ಅಂದಾಜು 72,000 ರೂಪಾಯಿ ಆಗುತ್ತದೆ. ಡಾಕ್ಟರ್, ಅರಿವಳಿಕೆ ಮತ್ತು ಥಿಯೇಟರ್ ಚಾರ್ಜು, ಇಬ್ಬರಿರುವ ರೂಮಿನಲ್ಲಿ ಎರಡು ದಿನ, ಮಾಮೂಲಿ ಔಷಧಿ, ತೆಗೆದ ಪಿತ್ತಕೋಶದ ಬಯಾಪ್ಸಿ ಎಲ್ಲಾ ಇದರಲ್ಲೇ ಸೇರಿದೆ.

ಒಳಗೆ ಊತ ಜಾಸ್ತಿ ಇದ್ದರೆ ಹೊಟ್ಟೆ ತೆರೆದೇ ಆಪರೇಷನ್ ಮಾಡಬೇಕಾಗಬಹುದು. ಆಗ ಇನ್ನೂ ಮೂರ್ನಾಲ್ಕು ದಿನ ಇರಬೇಕು, ಸುಮಾರು 25,000 ಹೆಚ್ಚಾಗುತ್ತದೆ. ಪಿತ್ತನಾಳದಲ್ಲೂ ಕಲ್ಲು ಸಿಕ್ಕರೆ ಅದನ್ನು ಎಂಡೋಸ್ಕೋಪಿಯಲ್ಲಿ ತೆಗೆಯಲು 35,000 ಬೇರೆ. ಐಸಿಯು ಬೇಕಾದರೆ ದಿನಕ್ಕೆ 9,000.

ಸಿಂಗಲ್ ರೂಮ್ ಕೇಳಿದರೆ ಬಾಡಿಗೆ ಮಾತ್ರವಲ್ಲ, ಡಾಕ್ಟರ್ ಫೀಸೂ ಏರುತ್ತದೆ. ದಯವಿಟ್ಟು ಮೊದಲೇ ಯೋಚಿಸಿ.

ಖರ್ಚು ಹೆಚ್ಚಾಗುವಂತಿದ್ದರೆ ನಿಮ್ಮ ಮಗನಿಗೆ ತಕ್ಷಣ ತಿಳಿಸುತ್ತೇವೆ. ಅನುಮಾನವಿದ್ದರೆ ಸಂಕೋಚಪಡದೆ ಕೇಳಿ.

ಬಿಲ್ಲಿಂಗ್ ವಿಭಾಗ